ಗೋಲ್ಡ್ ಇಟಿಎಫ್ ಗಾತ್ರ 12% ಏರಿತು ಅಂದ್ರೆ ಜನ 12% ಜಾಸ್ತಿ ಚಿನ್ನ ಕೊಂಡ್ರು ಅಂತಾನಾ?

ಡೊಂಬಿವಲಿ ಸ್ಲೋ ಲೋಕಲ್

ನಮಸ್ಕಾರ. ಒಂದು ಸಣ್ಣ ಪಂಥ ಬಗೆಹರಿಸಿಕೊಡಿ. ಆಫೀಸಿನಲ್ಲಿ ಪಕ್ಕದ ಸೀಟಿನವನು ಗೋಲ್ಡ್ ಇಟಿಎಫ್‌ಗಳ, ಅಂದ್ರೆ ಚಿನ್ನ ಕೊಂಡಿಟ್ಟು ಅದರ ಯೂನಿಟ್‌ಗಳನ್ನು ಶೇರಿನಂತೆ ಮಾರುವ ಫಂಡ್‌ಗಳ, ಲೆಕ್ಕ ತೋರಿಸಿ "ನೋಡು, ಫಂಡ್ ಗಾತ್ರ ಒಂದೇ ತಿಂಗಳಲ್ಲಿ ಹೇಗೆ ಏರಿದೆ, ಜನ ಮುಗಿಬಿದ್ದು ಚಿನ್ನ ಕೊಳ್ತಿದ್ದಾರೆ, ಬೆಲೆ ಇನ್ನೂ ಹೋಗುತ್ತೆ" ಅಂತಾನೆ. ನನಗೆ ಅನುಮಾನ. ಬೆಲೆಯೂ ಅದೇ ತಿಂಗಳು ಏರಿದೆಯಲ್ವಾ? ಹಾಗಾಗಿ ನಾನೇ ಒಂದು ಶೀಟ್ ಮಾಡಿದೆ. ಮ್ಯೂಚುವಲ್ ಫಂಡ್‌ಗಳ ಸಂಘ ಆಂಫಿಯ ತಿಂಗಳ ವರದಿಯಲ್ಲಿನ ಸರಾಸರಿ ಎಯುಎಂ, ಅಂದ್ರೆ ಫಂಡಿನ ಒಟ್ಟು ಗಾತ್ರ, ತೆಗೆದುಕೊಂಡು, ಮನೆ ಹತ್ತಿರದ ಅಂಗಡಿಯ ಬೋರ್ಡಿನ ರೇಟಿನಿಂದ ಭಾಗಿಸಿ, ಎಷ್ಟು ಗ್ರಾಂ ಆಯಿತು ಅಂತ ನೋಡಿದೆ. ಒಂದು ತಿಂಗಳು ಗ್ರಾಂ ಏರಿದರೆ ಮುಂದಿನ ತಿಂಗಳು ಇಳಿಯುತ್ತೆ, ಮತ್ತೆ ಏರುತ್ತೆ, ತಲೆಬುಡ ಸಿಗುತ್ತಿಲ್ಲ. ಸೋತವನು ಎಲ್ಲರಿಗೂ ಮಿಸಳ್ ಕೊಡಿಸಬೇಕು. ಎಲ್ಲಿ ತಪ್ಪಿದೆ?

ಪುಣೆ ಬ್ಯಾಕ್ ಆಫೀಸ್

ಗ್ರಾಂಗೆ ಇಳಿಸಿ ನೋಡಿದ್ದು ಸರಿ. ಆದರೆ ಶೀಟ್‌ನಲ್ಲಿ ಎರಡು ತಪ್ಪಿವೆ. ನಾನು ಫಂಡ್ ಅಕೌಂಟಿಂಗ್ ಕೆಲಸದಲ್ಲೇ ಇದ್ದೇನೆ, ಈ ತಪ್ಪುಗಳನ್ನು ಹೊಸಬರು ಮಾಡುವುದನ್ನು ವಾರಕ್ಕೊಮ್ಮೆಯಾದರೂ ನೋಡುತ್ತೇನೆ.

ಒಂದು, ಸರಾಸರಿ ಎಯುಎಂ ಅಂದರೆ ಇಡೀ ತಿಂಗಳ ಸರಾಸರಿ. ಅದನ್ನು ಕೊನೆಯ ದಿನದ ಬೆಲೆಯಿಂದ ಭಾಗಿಸಿದರೆ ಬರುವ ಅಂಕಿಗೆ ಅರ್ಥವೇ ಇಲ್ಲ. ಬೆಲೆ ಏರುವ ತಿಂಗಳಲ್ಲಿ ಗ್ರಾಂ ಕಡಿಮೆ ಕಾಣುತ್ತದೆ, ಇಳಿಯುವ ತಿಂಗಳಲ್ಲಿ ಜಾಸ್ತಿ ಕಾಣುತ್ತದೆ. ನಿಮ್ಮ ಶೀಟ್ ಉಯ್ಯಾಲೆ ಆಡುತ್ತಿರುವುದು ಅದಕ್ಕೇ. ಅದೇ ವರದಿಯಲ್ಲಿ ತಿಂಗಳ ಕೊನೆಯ ನಿವ್ವಳ ಎಯುಎಂ ಬೇರೆ ಕಾಲಂನಲ್ಲಿ ಇರುತ್ತದೆ, ಅದನ್ನು ತೆಗೆದುಕೊಳ್ಳಿ.

ಎರಡು, ಅಂಗಡಿ ರೇಟು. ಅಲ್ಲಿ ಬರೆದದ್ದು 22 ಕ್ಯಾರಟ್ ರೇಟ್ ಆಗಿರಬೇಕು. ಫಂಡಿನಲ್ಲಿ ಇರುವುದು 995 ಅಥವಾ ಅದಕ್ಕಿಂತ ಶುದ್ಧ ಗಟ್ಟಿ.

ಒಂದು ಕಾಲ್ಪನಿಕ ಫಂಡ್ ಇಟ್ಟುಕೊಳ್ಳಿ. ತಿಂಗಳ ಶುರುವಿನಲ್ಲಿ ಗಾತ್ರ 1,000 ಕೋಟಿ, ಗ್ರಾಂಗೆ 8,000 ರೂಪಾಯಿ. ಅಂದರೆ 1,250 ಕಿಲೋ ಚಿನ್ನ. ತಿಂಗಳ ಕೊನೆಗೆ ಗಾತ್ರ 1,122 ಕೋಟಿ, ಬೆಲೆ 8,800. ಭಾಗಿಸಿ ನೋಡಿ, 1,275 ಕಿಲೋ. ನಿಮ್ಮ ಸ್ನೇಹಿತ ಹೇಳುವ 12% ಏರಿಕೆಯಲ್ಲಿ ಚಿನ್ನ ಏರಿದ್ದು ಬರೀ 25 ಕಿಲೋ, 2%. ಉಳಿದ 100 ಕೋಟಿ ಯಾರೂ ಹಾಕಿದ ಹಣವಲ್ಲ, ಹಳೆಯ ಚಿನ್ನವೇ ಕೂತಲ್ಲಿ ದುಬಾರಿ ಆಗಿದ್ದು.

ಶೀಟ್‌ನಲ್ಲಿ ಇಷ್ಟೇ ಸಾಕು:

```
ಒಳಬಂದ ಹಣ = ಈ ತಿಂಗಳ ಎಯುಎಂ − (ಹಿಂದಿನ ಎಯುಎಂ × ಹೊಸ ಬೆಲೆ ÷ ಹಳೆ ಬೆಲೆ)
1122 − (1000 × 8800 ÷ 8000) = 22 ಕೋಟಿ
```

ಈ 22ನ್ನು ಆಂಫಿ ಪ್ರಕಟಿಸುವ ನಿವ್ವಳ ಒಳಹರಿವಿನ ಜೊತೆ ಹೋಲಿಸಿ. ಜನ ತಿಂಗಳ ನಡುವೆ ಬೇರೆ ಬೇರೆ ಬೆಲೆಗೆ ಕೊಂಡಿರುತ್ತಾರೆ, ಹಾಗಾಗಿ ಸ್ವಲ್ಪ ಹಿಂದೆಮುಂದೆ ಆಗುತ್ತದೆ. ತುಂಬಾ ದೂರ ಇದ್ದರೆ ನೀವು ತೆಗೆದುಕೊಂಡ ಬೆಲೆಯೋ ದಿನಾಂಕವೋ ತಪ್ಪಿದೆ ಅಂತ ತಿಳಿಯಿರಿ.

ಬಜಾರ್ ಮಾಮ

ರೇಟಿನ ವಿಷಯಕ್ಕೆ ನಾನು. ಝವೇರಿ ಬಜಾರಿನಲ್ಲಿ 25 ವರ್ಷ ಆಯ್ತು ಮಾರಾಯ್ರೆ, ಗಟ್ಟಿ ವ್ಯಾಪಾರದ ಕಡೆ, ಒಡವೆ ಅಲ್ಲ. ಅಂಗಡಿ ಬೋರ್ಡ್ ನಂಬಬೇಡಿ. ಒಬ್ಬ ಜಿಎಸ್‌ಟಿ ಸೇರಿಸಿ ಬರೀತಾನೆ, ಇನ್ನೊಬ್ಬ ಬಿಟ್ಟು ಬರೀತಾನೆ. ನಮ್ಮ ವ್ಯಾಪಾರಿಗಳ ಸಂಘ ಐಬಿಜೆಎ ದಿನಕ್ಕೆರಡು ಸಲ ರೇಟ್ ಹಾಕುತ್ತೆ, ಅದರಲ್ಲಿ 999ರದ್ದು ತಗೊಳ್ಳಿ, ಅದು 3% ಜಿಎಸ್‌ಟಿ ಬಿಟ್ಟು ಇರೋದು.

ಆದ್ರೆ ಒಂದು ಮಾತು. ಎರಡೂ ತಿಂಗಳು ಅದೇ ಅಂಗಡಿಯ ಅದೇ 22 ಕ್ಯಾರಟ್ ರೇಟ್ ಹಾಕಿದ್ರೆ ಕಿಲೋ ಲೆಕ್ಕ ತಪ್ಪಿದ್ರೂ ಶೇಕಡಾ ಬದಲಾವಣೆ ಹೆಚ್ಚುಕಮ್ಮಿ ಸರಿಯಾಗೇ ಬರುತ್ತೆ. ತಪ್ಪು ತಕ್ಕಡಿಯಲ್ಲೂ ತೂಕ ಏರಿತೋ ಇಳಿತೋ ಅಂತ ಗೊತ್ತಾಗುತ್ತಲ್ಲ, ಹಾಗೆ. ಕೆಡೋದು ಒಂದು ತಿಂಗಳು 22, ಇನ್ನೊಂದು ತಿಂಗಳು 24 ಹಾಕಿದಾಗ.

ಡೊಂಬಿವಲಿ ಸ್ಲೋ ಲೋಕಲ್

ಅಯ್ಯೋ ಮಾಮ, ಅದನ್ನೇ ಮಾಡಿದ್ದೇನೆ. ಎರಡನೇ ತಿಂಗಳು ಅಂಗಡಿ ಮುಚ್ಚಿತ್ತು ಅಂತ ಮೊಬೈಲಿನಲ್ಲಿ ಬಂದ 24 ಕ್ಯಾರಟ್ ರೇಟ್ ಹಾಕಿಬಿಟ್ಟೆ 😅

ಮಾಟುಂಗಾ ಅಕ್ಕ

ನನ್ನದೊಂದು ಪ್ರಶ್ನೆ. ನನ್ನ ಹತ್ತಿರ `GOLDBEES` ಅನ್ನೋ ಗೋಲ್ಡ್ ಇಟಿಎಫ್‌ನ 4,000 ಯೂನಿಟ್ ಇದೆ, ಮಗಳ ಮದುವೆಗೆ ಅಂತ ಕೂಡಿಟ್ಟದ್ದು. ಧನತೇರಸ್ ದಿನ ಆಪ್‌ನಲ್ಲಿ ನೋಡಿದರೆ ವಾಲ್ಯೂಮ್ ಕೋಟಿಗಟ್ಟಲೆ ಇತ್ತು. ಅಷ್ಟೊಂದು ಜನ ಕೊಂಡರೆ ಫಂಡಿನ ಚಿನ್ನವೂ ಅಷ್ಟೇ ಏರಬೇಕಲ್ವಾ? ಹಾಗಿದ್ರೆ ನಾನು ಈಗ ಮಾರೋದು ತಪ್ಪಾ? ಇನ್ನೊಂದು, 4,000 ಯೂನಿಟ್ ಅಂದ್ರೆ 40 ಗ್ರಾಂ ಅಂತ ಇವರು ಹೇಳ್ತಾರೆ, ಬೆಲೆ ಲೆಕ್ಕ ಹಾಕಿದ್ರೆ 40 ಗ್ರಾಂನಷ್ಟು ಬರಲ್ಲ. ಯಾರೋ ಕದ್ದ ಹಾಗಿದೆ.

ಪುಣೆ ಬ್ಯಾಕ್ ಆಫೀಸ್

ಅಕ್ಕ, ಮೊದಲು ವಾಲ್ಯೂಮ್. ನೀವು 100 ಯೂನಿಟ್ ಮಾರಿದಿರಿ, ನಾನು ಕೊಂಡೆ. ವಾಲ್ಯೂಮ್ 100. ಫಂಡಿನ ಕಪಾಟಿನಲ್ಲಿ ಚಿನ್ನ ಎಷ್ಟಿತ್ತೋ ಅಷ್ಟೇ. ಮಧ್ಯಾಹ್ನ ನಾನು ಅದನ್ನೇ ಬಜಾರ್ ಮಾಮನಿಗೆ ಮಾರಿದೆ, ವಾಲ್ಯೂಮ್ 200 ಆಯಿತು, ಚಿನ್ನ ಆಗಲೂ ಅಷ್ಟೇ. ಎಕ್ಸ್‌ಚೇಂಜಿನಲ್ಲಿ ನಡೆಯುವುದು ಕೈ ಬದಲಾವಣೆ.

ಚಿನ್ನ ಏರುವುದು ಹೊಸ ಯೂನಿಟ್ ಹುಟ್ಟಿದಾಗ. ಮಾರುವವರಿಗಿಂತ ಕೊಳ್ಳುವವರು ಜಾಸ್ತಿ ಆದಾಗ ಯೂನಿಟ್ ಬೆಲೆ ಎನ್‌ಎವಿಗಿಂತ, ಅಂದರೆ ಅದರೊಳಗಿನ ಚಿನ್ನದ ಬೆಲೆಗಿಂತ, ಮೇಲೆ ಹೋಗುತ್ತದೆ. ಆಗ ಮಾರ್ಕೆಟ್ ಮೇಕರ್ ಲಾಭ ನೋಡಿ, ಫಂಡಿಗೆ ಚಿನ್ನವನ್ನೋ ಹಣವನ್ನೋ ಕೊಟ್ಟು ದೊಡ್ಡ ಕಂತಿನಲ್ಲಿ ಹೊಸ ಯೂನಿಟ್ ತೆಗೆದುಕೊಂಡು ಎಕ್ಸ್‌ಚೇಂಜಿನಲ್ಲಿ ಮಾರುತ್ತಾನೆ. ಆ ದಿನ ಫಂಡಿನ ಚಿನ್ನ ಏರಿತು. ಎಲ್ಲರೂ ಮಾರುವಾಗ ಇದೇ ಉಲ್ಟಾ. ಅಂದರೆ ನೋಡಬೇಕಾದ್ದು ಒಟ್ಟು ಯೂನಿಟ್ ಎಷ್ಟಿವೆ ಅನ್ನುವುದನ್ನು, ದಿನದ ವಾಲ್ಯೂಮ್ ಅಲ್ಲ.

ಇನ್ನು ಕಳ್ಳತನ. ಕದ್ದದ್ದಲ್ಲ, ಖರ್ಚು. ಶುರುವಿನಲ್ಲಿ ಯೂನಿಟ್‌ಗೆ 1 ಗ್ರಾಂ ಇತ್ತು, 2019ರ ಕೊನೆಯಲ್ಲಿ ಒಂದು ಯೂನಿಟ್ ನೂರು ಮಾಡಿದರು, ಹಾಗಾಗಿ 0.01 ಗ್ರಾಂ ಅನ್ನುತ್ತಾರೆ. ಆದರೆ ಫಂಡ್ ನಡೆಸುವ ಖರ್ಚು ಪ್ರತಿ ದಿನ ಅದರೊಳಗಿನಿಂದಲೇ ಹೋಗುತ್ತದೆ. ಚಿನ್ನ ಬಡ್ಡಿ ಕೊಡಲ್ಲ, ಹಾಗಾಗಿ ಖರ್ಚಿಗೆ ಚಿನ್ನವೇ ಕರಗಬೇಕು. 2007ರಿಂದ ಹೀಗೆ ಕರಗಿ ಕರಗಿ ಈಗ ಯೂನಿಟ್ ಒಳಗೆ 0.01ಕ್ಕಿಂತ ಕಡಿಮೆ ಇದೆ.

ಮಾರಬೇಕೋ ಬೇಡವೋ ಅಂತ ನಾನು ಹೇಳಲ್ಲ, ಮದುವೆ ಯಾವಾಗ ಅನ್ನೋದರ ಮೇಲೆ ಅದು.

ಮಡಗಾಂವ್ ಪಿಂಚಣಿದಾರ

ನಾನು ಬ್ಯಾಂಕಿನಿಂದ ನಿವೃತ್ತ, ಈಗ ಗೋವೆಯಲ್ಲಿ. ದಿನಾ ಬೆಳಿಗ್ಗೆ ಚಹಾ ಜೊತೆ ಅಮೆರಿಕದ ಗೋಲ್ಡ್ ಇಟಿಎಫ್ `GLD`ನಲ್ಲಿ ಚಿನ್ನ ಎಷ್ಟು ಟನ್ ಇದೆ ಅಂತ ನೋಡುವುದು ನನ್ನ ಅಭ್ಯಾಸ. ನೀವು ಭಾರತದ್ದನ್ನು ಹಿಡಿದು ಯಾಕೆ ಒದ್ದಾಡುತ್ತೀರಿ, ಬೆಲೆ ನಡೆಸುವುದು ಅದು. ಟನ್ ಇಳಿದರೆ ಬೆಲೆ ಇಳಿಯುತ್ತದೆ, ಏರಿದರೆ ಏರುತ್ತದೆ. 2013 ನೆನಪಿಸಿಕೊಳ್ಳಿ. ವರ್ಷದ ಶುರುವಿಗೆ 1,350 ಟನ್ ಇತ್ತು, ಕೊನೆಗೆ 800ರ ಕೆಳಗೆ. ಬೆಲೆ ಆ ವರ್ಷ ಕಾಲು ಭಾಗಕ್ಕಿಂತ ಜಾಸ್ತಿ ಬಿತ್ತು. ಇದಕ್ಕಿಂತ ಸಾಕ್ಷಿ ಬೇಕಾ? ಮೊನ್ನೆ ಒಂದು ದಿನ 0.3 ಟನ್ ಇಳಿದದ್ದು ನೋಡಿ ನಾನು ಸ್ವಲ್ಪ ಮಾರಿಯೂ ಬಿಟ್ಟೆ.

ಪುಣೆ ಬ್ಯಾಕ್ ಆಫೀಸ್

ಸರ್, 2013 ನಿಜ, ಅದಕ್ಕೆ ಬರುತ್ತೇನೆ. ಆದರೆ 0.3 ಟನ್‌ಗೆ ಮಾರಿದಿರಾ?

`GLD`ನಲ್ಲಿ ಯೂನಿಟ್ ಹುಟ್ಟುವುದು, ಸಾಯುವುದು ಒಂದು ಲಕ್ಷದ ಬುಟ್ಟಿಯಲ್ಲಿ. 2004ರಲ್ಲಿ ಶುರುವಾದಾಗ ಒಂದು ಶೇರಿಗೆ ಔನ್ಸಿನ ಹತ್ತನೇ ಒಂದು ಭಾಗ ಇತ್ತು, ಈಗ ಖರ್ಚು ಕಳೆದು 0.092ರ ಆಸುಪಾಸು. ಗುಣಿಸಿದರೆ ಒಂದು ಬುಟ್ಟಿ ಸುಮಾರು 0.29 ಟನ್. ಇಡೀ ಜಗತ್ತಿನ ಅತಿ ದೊಡ್ಡ ಗೋಲ್ಡ್ ಫಂಡಿನಲ್ಲಿ ಒಂದೇ ಒಂದು ಬುಟ್ಟಿ ಹೋದರೂ ಅಷ್ಟು ಕಾಣುತ್ತದೆ.

ಅದಕ್ಕಿಂತ ತಮಾಷೆ, ಅದರ ಖರ್ಚು ವರ್ಷಕ್ಕೆ 0.40%. ಸಾವಿರ ಟನ್ ಇದ್ದರೆ ವರ್ಷಕ್ಕೆ 4 ಟನ್, ತಿಂಗಳಿಗೆ 0.33 ಟನ್. ಆ ಖರ್ಚಿಗೆ ಅವರು ಚಿನ್ನ ಮಾರಿದಾಗಲೂ ಟನ್ ಇಳಿದದ್ದೇ ಕಾಣುತ್ತದೆ. ಅಂದರೆ ಒಬ್ಬನೇ ಒಬ್ಬ ಹೂಡಿಕೆದಾರ ಮಾರದೆಯೂ ನೀವು ನೋಡಿದ 0.3 ಇಳಿಯಬಹುದು. ಯಾವುದು ಅಂತ ತಿಳಿಯಲು ಶೇರುಗಳ ಒಟ್ಟು ಸಂಖ್ಯೆ ನೋಡಿ. ಟನ್ ಇಳಿದು ಶೇರು ಸಂಖ್ಯೆ ಹಾಗೇ ಇದ್ದರೆ ಅದು ಖರ್ಚು. ಶೇರೂ ಲಕ್ಷದ ಲೆಕ್ಕದಲ್ಲಿ ಇಳಿದಿದ್ದರೆ ನಿಜವಾಗಿ ಹಣ ಹೊರಗೆ ಹೋಗಿದೆ.

ಇನ್ನೊಂದು, `GLD` ಒಂದನ್ನೇ ನೋಡಬೇಡಿ. ಅದೇ ಮನೆಯವರು 2018ರಲ್ಲಿ ಕಡಿಮೆ ಖರ್ಚಿನ `GLDM` ಶುರು ಮಾಡಿದರು. `GLD`ನಿಂದ ಇದಕ್ಕೆ ಜನ ಬದಲಾಯಿಸಿಕೊಂಡರೆ ದೊಡ್ಡದರಲ್ಲಿ ಇಳಿಕೆ, ಸಣ್ಣದರಲ್ಲಿ ಏರಿಕೆ, ಚಿನ್ನದ ಬೇಡಿಕೆ ಮಾತ್ರ ಇದ್ದಲ್ಲೇ. ಎಲ್ಲ ಫಂಡ್ ಕೂಡಿಸಿ ನೋಡಬೇಕು.

ಮಡಗಾಂವ್ ಪಿಂಚಣಿದಾರ

ಶೇರು ಸಂಖ್ಯೆ ನಾನು ನೋಡಿರಲಿಲ್ಲ. ಒಪ್ಪಿದೆ. ಆದರೆ ದೊಡ್ಡ ದಿಕ್ಕಿನ ಮಾತು ಬಿಡಲ್ಲ. 550 ಟನ್ ಹೋದದ್ದು ಖರ್ಚಿಗೆ ಅಲ್ಲವಲ್ಲ.

ಬಜಾರ್ ಮಾಮ

2013 ಅಂದ್ರಲ್ಲ, ಅದನ್ನು ನಾನು ಹೇಳಬೇಕು. ಏಪ್ರಿಲ್ ಮಧ್ಯದಲ್ಲಿ ಶುಕ್ರವಾರ, ಸೋಮವಾರ ಎರಡೇ ದಿನದಲ್ಲಿ ಬೆಲೆ ಔನ್ಸಿಗೆ 200 ಡಾಲರ್ ಬಿತ್ತು. ನೀವು ಗೋವೆಯಲ್ಲಿ ಸ್ಕ್ರೀನ್ ಮೇಲೆ ಟನ್ ಇಳಿಯೋದು ನೋಡಿದಿರಿ. ನಮ್ಮ ಗಲ್ಲಿಯಲ್ಲಿ ಆ ವಾರ ಕಾಲಿಡಲು ಜಾಗ ಇರಲಿಲ್ಲ. ಮುಂಬಾದೇವಿ ಕಡೆಯಿಂದ ಬರೋರು ಸಾಲಾಗಿ ನಿಂತಿದ್ದರು, ಒಬ್ಬ ಹೆಂಗಸು ಊಟದ ಡಬ್ಬಿಯಲ್ಲಿ ನೋಟು ತಂದಿದ್ದರು, ಡಬ್ಬಿ ಬಿಚ್ಚಿದಾಗ ಉಪ್ಪಿನಕಾಯಿ ವಾಸನೆ. ನಮ್ಮ ಶೇಟ್ 10 ಗ್ರಾಂ ನಾಣ್ಯ ಮಧ್ಯಾಹ್ನಕ್ಕೆ ಮುಗೀತು ಅಂತ ಬೋರ್ಡ್ ಹಾಕಿದ. ಕೊಡಲು ಮಾಲಿಲ್ಲ.

ಈಗ ಹೇಳಿ, ಅವತ್ತು ಬೇಡಿಕೆ ಇಳಿದಿತ್ತಾ, ಏರಿತ್ತಾ? ಲಂಡನ್ನಿನ ತಿಜೋರಿಯಿಂದ ಇಟಿಎಫ್ ಚಿನ್ನ ಹೊರಗೆ ಬಂತು, 400 ಔನ್ಸಿನ ದೊಡ್ಡ ಗಟ್ಟಿ. ಅದು ಸ್ವಿಟ್ಜರ್ಲೆಂಡಿಗೆ ಹೋಗಿ ಕರಗಿ ಕಿಲೋ ಗಟ್ಟಿ ಆಗಿ ಪೂರ್ವದ ಕಡೆ ಬಂತು, ಚೀನಾಕ್ಕೆ ಜಾಸ್ತಿ. ನಮ್ಮಲ್ಲಿ ಎಷ್ಟು ಬರ್ತಿತ್ತು ಅಂದ್ರೆ ಸರ್ಕಾರ ಹೆದರಿ ಆಗಸ್ಟ್ ಹೊತ್ತಿಗೆ ಸುಂಕ 10% ಮಾಡಿತು. ಇಟಿಎಫ್ ಟನ್ ಹೇಳೋದು ಒಂದು ಜಾತಿ ಗಿರಾಕಿಯ ಮನಸ್ಸು. ಬಡ್ಡಿ ದರ ನೋಡಿ ಬರೋನು, ಬಡ್ಡಿ ದರ ನೋಡಿ ಹೋಗೋನು. ಡಬ್ಬಿಯಲ್ಲಿ ನೋಟು ತಂದ ಹೆಂಗಸು ಆ ಲೆಕ್ಕದಲ್ಲಿ ಇಲ್ಲವೇ ಇಲ್ಲ.

ಪುಣೆ ಬ್ಯಾಕ್ ಆಫೀಸ್

ಮಾಮ ಹೇಳಿದ್ದು ಸರಿ. ಆದರೂ ಆ ವರ್ಷ ಬೆಲೆ ಬಿತ್ತಲ್ಲ, ಅಂದರೆ ಆಗ ಬೆಲೆ ನಿಗದಿ ಮಾಡಿದ್ದು ಮಾರುವವನು, ಗಲ್ಲಿಯ ಸಾಲು ಅಲ್ಲ. ಅಷ್ಟರ ಮಟ್ಟಿಗೆ ಪಿಂಚಣಿದಾರ ಸರ್ ಗೆದ್ದರು.

ಆದರೆ ಸರ್, 2022ರಿಂದ 2024ರ ತನಕ ನೋಡಿ. ಅಮೆರಿಕದ ಬಡ್ಡಿ ಸೊನ್ನೆ ಹತ್ತಿರದಿಂದ 5%ಗಿಂತ ಮೇಲೆ ಹೋಯಿತು, ಇಟಿಎಫ್‌ನವರು ಮಾರುತ್ತಲೇ ಹೋದರು. 2023 ಒಂದರಲ್ಲೇ ಜಗತ್ತಿನ ಗೋಲ್ಡ್ ಇಟಿಎಫ್‌ಗಳಿಂದ 240 ಟನ್‌ಗೂ ಜಾಸ್ತಿ ಹೊರಗೆ ಹೋಯಿತು. ನಿಮ್ಮ ಸೂತ್ರದ ಪ್ರಕಾರ ಬೆಲೆ ಬೀಳಬೇಕಿತ್ತು. ಏರಿತು. 2024ರಲ್ಲಿ ಇಟಿಎಫ್ ಟನ್ ಇದ್ದಲ್ಲೇ ಇತ್ತು ಅನ್ನಬಹುದು, ಬೆಲೆ 25% ಮೀರಿ ಏರಿತು. ಕೊಂಡವರು ಯಾರು? ಮೂರೂ ವರ್ಷ ಕೇಂದ್ರ ಬ್ಯಾಂಕುಗಳು ತಲಾ ಸಾವಿರ ಟನ್‌ಗೂ ಮೇಲೆ ಕೊಂಡವು, ನಮ್ಮ ಆರ್‌ಬಿಐಯೂ ಅದರಲ್ಲಿ ಇತ್ತು. ಕೇಂದ್ರ ಬ್ಯಾಂಕ್ ಯಾವ ಇಟಿಎಫ್ ಶೀಟಿನಲ್ಲೂ ಕಾಣಲ್ಲ. ಟನ್ ಇಳಿಯುತ್ತಿದೆ ಅಂತ 2023ರಲ್ಲಿ ಮಾರಿದವರು ಎಷ್ಟೋ ಜನ ಈಗ ಮಾತಾಡಲ್ಲ.

ಮಡಗಾಂವ್ ಪಿಂಚಣಿದಾರ

ನಾನೂ ಮಾತಾಡದವರಲ್ಲಿ ಒಬ್ಬ. ಆದರೆ ಹಣ ಬಂದು ಬೆಲೆ ಏರುತ್ತದೋ, ಬೆಲೆ ಏರಿದ ಮೇಲೆ ಹಣ ಬರುತ್ತದೋ? ನಾನು ಮೊದಲನೆಯದು ಅಂತಲೇ ಇಷ್ಟು ವರ್ಷ ನಂಬಿದ್ದೆ.

ಬಜಾರ್ ಮಾಮ

ಎರಡನೆಯದು. ಬೆಲೆ ಏರಿದ ಸುದ್ದಿ ಪೇಪರಿನ ಮುಖಪುಟಕ್ಕೆ ಬಂದ ಮೇಲೆಯೇ ಪೇಪರ್ ಚಿನ್ನಕ್ಕೆ ಜನ ಬರೋದು. ಒಡವೆ ಗಿರಾಕಿ ಮಾತ್ರ ಉಲ್ಟಾ, ಬಿದ್ದಾಗ ಬರ್ತಾನೆ.

ಪುಣೆ ಬ್ಯಾಕ್ ಆಫೀಸ್

ನಾನು ಅಷ್ಟು ಖಡಾಖಂಡಿತ ಹೇಳಲ್ಲ ಮಾಮ. ತಿಂಗಳ ಅಂಕಿ ಇಟ್ಟುಕೊಂಡರೆ ಎರಡೂ ಒಟ್ಟೊಟ್ಟಿಗೆ ಕಾಣುತ್ತವೆ, ಯಾವುದು ಮೊದಲು ಅಂತ ಬಿಡಿಸಲು ಆಗಲ್ಲ. ದಿನದ ಅಂಕಿಯಲ್ಲೂ ಸೆಟ್ಲ್‌ಮೆಂಟ್ ತಡ ಇದೆ, ಇವತ್ತು ಕೊಂಡದ್ದು ತಿಜೋರಿ ಲೆಕ್ಕಕ್ಕೆ ಬರುವುದು ಆಮೇಲೆ. ಶಾರ್ಟ್ ಮಾಡುವವನಿಗೆ, ಅಂದರೆ ಸಾಲ ತಂದ ಶೇರು ಮಾರುವವನಿಗೆ, ಸಾಲ ಕೊಡಲೆಂದೇ ಅಲ್ಲಿ ಹೊಸ ಬುಟ್ಟಿ ಹುಟ್ಟಿಸುವುದೂ ಉಂಟು. ಅವನು ಬೆಲೆ ಬೀಳಲಿ ಅಂತ ಕಾಯುತ್ತಿರುತ್ತಾನೆ, ಶೀಟಿನಲ್ಲಿ ಟನ್ ಏರಿದ ಹಾಗೆ ಕಾಣುತ್ತದೆ.

ಡೊಂಬಿವಲಿ ಸ್ಲೋ ಲೋಕಲ್

ವಾಪಸ್ ಭಾರತಕ್ಕೆ ಬರೋಣ, ನನ್ನ ಮಿಸಳ್ ಅಲ್ಲಿದೆ. ಕೊನೆಯ ಎಯುಎಂ, ಐಬಿಜೆಎ 999 ಹಾಕಿ ಮತ್ತೆ ಮಾಡಿದೆ. ಈಗ ಅಂಕಿ ಆಂಫಿ ನಿವ್ವಳ ಒಳಹರಿವಿನ ಹತ್ತಿರ ಬರುತ್ತಿದೆ, ಖುಷಿ ಆಯ್ತು. ಆದರೆ 2024ರ ಜುಲೈ ವಿಚಿತ್ರವಾಗಿದೆ. ಗಾತ್ರ ಹೆಚ್ಚುಕಮ್ಮಿ ಹಿಂದಿನ ತಿಂಗಳಿನಷ್ಟೇ. ಒಳಗೆ ಬಂದದ್ದು ಮಾತ್ರ 1,300 ಕೋಟಿಗೂ ಜಾಸ್ತಿ. ಎಲ್ಲಿ ಹೋಯ್ತು ಆ ಹಣ?

ಬಜಾರ್ ಮಾಮ

ಜುಲೈ 23, ಬಜೆಟ್. ಸುಂಕ 15%ರಿಂದ 6%ಗೆ ಇಳಿಸಿದರು. ಒಂದೇ ದಿನ 10 ಗ್ರಾಂಗೆ ಸುಮಾರು 4,000 ರೂಪಾಯಿ ಬಿತ್ತು. ಲಂಡನ್ನಿನಲ್ಲಿ ಏನೂ ಆಗಿರಲಿಲ್ಲ. ನಮ್ಮ ಶೇಟ್ ಟಿವಿ ಮುಂದೆ ಕೂತಿದ್ದವ ಎದ್ದು ನೀರು ಕುಡಿದು ಬಂದು ಮತ್ತೆ ಕೂತ, ಸ್ಟಾಕ್ ಇತ್ತಲ್ಲ ಕೈಯಲ್ಲಿ.

ಪುಣೆ ಬ್ಯಾಕ್ ಆಫೀಸ್

ಅದೇ. ಹಳೆಯ ಚಿನ್ನದ ರೂಪಾಯಿ ಬೆಲೆ ಇಳಿಯಿತು, ಹೊಸ ಹಣ ಆ ಗುಂಡಿ ತುಂಬಿತು, ಮೇಲಿನಿಂದ ನೋಡಿದರೆ ಸಮ. ಗಾತ್ರ ಮಾತ್ರ ನೋಡಿದವನು "ಜನಕ್ಕೆ ಆಸಕ್ತಿ ಇಲ್ಲ" ಅಂತ ಬರೆಯುತ್ತಾನೆ, ಗ್ರಾಂ ನೋಡಿದವನಿಗೆ ಜನ ಅಗ್ಗ ಆಯಿತೆಂದು ಕೊಂಡದ್ದು ಕಾಣುತ್ತದೆ. ನಿಮ್ಮ ಸ್ನೇಹಿತನಿಗೆ ಈ ತಿಂಗಳನ್ನೇ ತೋರಿಸಿ.

ಆದರೆ ಆ ಕೊಂಡವರು ಯಾರು ಅನ್ನುವುದು ಬೇರೆ ಪ್ರಶ್ನೆ. ನಮ್ಮ ಗೋಲ್ಡ್ ಇಟಿಎಫ್‌ಗೆ ಹಣ ಬರುವುದು ಬರೀ ಅಕ್ಕನಂಥವರಿಂದ ಅಲ್ಲ. ಡಿಮ್ಯಾಟ್ ಇಲ್ಲದವರು ಗೋಲ್ಡ್ ಫಂಡ್ ಆಫ್ ಫಂಡ್‌ಗೆ ಎಸ್‌ಐಪಿ ಹಾಕುತ್ತಾರೆ, ಅದು ಹೋಗಿ ಇಟಿಎಫ್ ಕೊಳ್ಳುತ್ತದೆ. ಎರಡರ ಗಾತ್ರ ಕೂಡಿಸಿದರೆ ಅದೇ ಚಿನ್ನವನ್ನು ಎರಡು ಸಲ ಎಣಿಸಿದ ಹಾಗೆ. ಮಲ್ಟಿ ಅಸೆಟ್ ಫಂಡ್‌ಗಳು ಕನಿಷ್ಠ ಮೂರು ಬಗೆಯ ಆಸ್ತಿಯಲ್ಲಿ ತಲಾ 10% ಇಡಬೇಕು ಅಂತ ಸೆಬಿ ನಿಯಮ, ಮೂರನೆಯದು ಬಹುಪಾಲು ಚಿನ್ನ ಬೆಳ್ಳಿ. ಅವರು ಕೊಂಡರೆ ಅದು ಚಿನ್ನದ ಮೇಲಿನ ಪ್ರೀತಿ ಅಲ್ಲ, ಅವರ ಫಂಡಿಗೆ ಹಣ ಬಂತು, ಪಾಲು ಹಾಕಿದರು. ಅಂಥ ಫಂಡ್‌ಗಳ ತಿಂಗಳ ಪೋರ್ಟ್‌ಫೋಲಿಯೋ ತೆಗೆದು ಇಟಿಎಫ್ ಯೂನಿಟ್ ಎಷ್ಟು ಅಂತ ಕೂಡಿಸಬಹುದು. ಬೇಜಾರಿನ ಕೆಲಸ, ಭಾನುವಾರ ಒಂದು ಪೂರ್ತಿ ಬೇಕು.

ಮಾಟುಂಗಾ ಅಕ್ಕ

ನಾನು ಮೊದಲು ಸರ್ಕಾರದ ಗೋಲ್ಡ್ ಬಾಂಡ್ ಕೊಳ್ಳುತ್ತಿದ್ದೆ, 2.5% ಬಡ್ಡಿ ಸಿಗ್ತಿತ್ತು. 2024ರ ಫೆಬ್ರವರಿ ಆದ ಮೇಲೆ ಹೊಸದು ಬರಲೇ ಇಲ್ಲ. ಅದಕ್ಕೇ ಈ ಬೀಸ್ ಹಿಡಿದದ್ದು. ಇದೂ ಆ ಲೆಕ್ಕದಲ್ಲಿ ಬರುತ್ತಾ?

ಪುಣೆ ಬ್ಯಾಕ್ ಆಫೀಸ್

ಅಕ್ಕ, ಇಷ್ಟು ಹೊತ್ತು ನಾವು ಮಾತಾಡಿದ್ದರಲ್ಲಿ ಇದು ಒಳ್ಳೆಯ ಪಾಯಿಂಟ್, ನನಗೇ ಹೊಳೆದಿರಲಿಲ್ಲ. ನೀವು ಚಿನ್ನಕ್ಕೆ ಹಾಕುವ ಹಣ ಏರಲಿಲ್ಲ, ದಾರಿ ಬದಲಾಯಿತು. ಬಾಂಡಿನ ಹಿಂದೆ ತಿಜೋರಿಯಲ್ಲಿ ಚಿನ್ನ ಇಡುತ್ತಿರಲಿಲ್ಲ, ಅದು ಸರ್ಕಾರದ ಸಾಲ. ಈಗ ನಿಮ್ಮ ಅದೇ ಹಣಕ್ಕೆ ಫಂಡ್ ನಿಜವಾದ ಗಟ್ಟಿ ಕೊಳ್ಳುತ್ತದೆ. ಶೀಟಿನಲ್ಲಿ ಹೊಸ ಬೇಡಿಕೆ ಅಂತ ಕಾಣುತ್ತದೆ. ಲೋಹದ ಮಟ್ಟಿಗೆ ಹೊಸದೂ ಹೌದು, ನಿಮ್ಮ ಮಟ್ಟಿಗೆ ಹಳೆಯದೇ.

ಡೊಂಬಿವಲಿ ಸ್ಲೋ ಲೋಕಲ್

ಅದನ್ನು ಬಿಡಿಸಿ ನೋಡಲು ದಾರಿ ಇದೆಯಾ?

ಪುಣೆ ಬ್ಯಾಕ್ ಆಫೀಸ್

ಹೊರಗಿನಿಂದ ಇಲ್ಲ. ಫೋಲಿಯೋ, ಅಂದರೆ ಹೂಡಿಕೆದಾರರ ಖಾತೆಗಳ, ಸಂಖ್ಯೆ ಏರಿದೆಯಾ ನೋಡಬಹುದು. ಹಣ ಏರಿ ಫೋಲಿಯೋ ಅಷ್ಟೇ ಇದ್ದರೆ ದೊಡ್ಡವರು ಅಂತ ಊಹಿಸಬಹುದು, ಫೋಲಿಯೋ ಜೋರಾಗಿ ಏರಿದ್ದರೆ ಸಣ್ಣವರು ಬಂದಿದ್ದಾರೆ. ಬಾಂಡಿನಿಂದ ಬಂದ ಅಕ್ಕ ಯಾರು, ಮೊದಲ ಸಲ ಬಂದ ಅಕ್ಕ ಯಾರು ಅಂತ ಫೋಲಿಯೋ ಹೇಳಲ್ಲ.

ಬಜಾರ್ ಮಾಮ

ಇನ್ನೊಂದು ಬಿಟ್ಟು ಹೋಯ್ತು. ಬೇಡಿಕೆ ಇದ್ದೂ ಶೀಟಿನಲ್ಲಿ ಕಾಣದ ಕಾಲವೂ ಇದೆ. 2025ರ ಅಕ್ಟೋಬರಿನಲ್ಲಿ ಬೆಳ್ಳಿಗೆ ಹಾಗೇ ಆಯ್ತಲ್ಲ. ಬಜಾರಿನಲ್ಲಿ ಮಾಲಿಲ್ಲ, ಬೆಳ್ಳಿ ಇಟಿಎಫ್ ಎನ್‌ಎವಿಗಿಂತ ಬಹಳ ಮೇಲೆ ಓಡ್ತಿತ್ತು, ಕೆಲವು ಫಂಡ್ ಆಫ್ ಫಂಡ್‌ಗಳು ದೊಡ್ಡ ಹಣ ತಗೊಳ್ಳೋದನ್ನೇ ನಿಲ್ಲಿಸಿದವು. ಕೊಳ್ಳೋರು ಬಾಗಿಲಲ್ಲಿ, ಲೋಹ ಒಳಗೆ ಬರ್ತಿಲ್ಲ. ಅಂಥ ದಿನ ಟನ್ ಅಲ್ಲ, ಪ್ರೀಮಿಯಂ ನೋಡಬೇಕು.

ಮಡಗಾಂವ್ ಪಿಂಚಣಿದಾರ

ಇವತ್ತು ಬೆಳಿಗ್ಗೆ ಶೇರು ಸಂಖ್ಯೆ ನೋಡಿ ಬಂದೆ. ನಾನು ಮಾರಿದ ದಿನ ಅದು ಕದಲಿಯೇ ಇರಲಿಲ್ಲ.

ಡೊಂಬಿವಲಿ ಸ್ಲೋ ಲೋಕಲ್

ಸರ್ 🙏 ಪಕ್ಕದ ಸೀಟಿನವನಿಗೆ 1,122 ಕೋಟಿಯ ಲೆಕ್ಕ ತೋರಿಸಿದೆ. ಹತ್ತು ನಿಮಿಷ ನೋಡಿ "ಆದ್ರೂ 25 ಕಿಲೋ ಏರಿದೆಯಲ್ಲ, ಜನ ಕೊಂಡಿದ್ದು ನಿಜ ತಾನೆ" ಅಂತಾನೆ. ಅದೂ ಸುಳ್ಳಲ್ಲ ಅಂತ ಅರ್ಧ ಅರ್ಧ ಬಿಲ್ ಕೊಡೋದು ಅಂತ ಆಯ್ತು. ಮಲ್ಟಿ ಅಸೆಟ್ ಫಂಡ್‌ಗಳ ಯೂನಿಟ್ ಕೂಡಿಸೋ ಕೆಲಸ ಈ ಭಾನುವಾರ ಶುರು ಮಾಡ್ತೀನಿ, ಯಾರಾದರೂ ಅರ್ಧ ಪಟ್ಟಿ ಹಂಚಿಕೊಳ್ಳೋದಾದರೆ ಹೇಳಿ.

ಮಾಟುಂಗಾ ಅಕ್ಕ

ನಾನು ಹಂಚಿಕೊಳ್ತೀನಿ, ಎಕ್ಸೆಲ್ ಬರುತ್ತೆ. ಮದುವೆ ಫೆಬ್ರವರಿಗೆ.